ಒಪ್ಪಿದ ಬೆಲೆಯೊಳಗೇ ಕೆಲಸ ಮುಗಿಯಬೇಕಾದರೆ: ಫ್ರೀಲ್ಯಾನ್ಸ್ ಕೆಲಸಕ್ಕೆ ಸ್ಕೋಪ್ ಡಾಕ್ಯುಮೆಂಟ್ ಬರೆಯುವ ಕ್ರಮ

ಮೂಡಿಗೆರೆಯ ಕಡೆ ಐದು ಕೋಣೆಗಳ ಹೋಂಸ್ಟೇ ನಡೆಸುವವರೊಬ್ಬರು ವೆಬ್‌ಸೈಟ್ ಮಾಡಿಸಬೇಕೆಂದು ಸ್ವತಂತ್ರವಾಗಿ ಕೆಲಸ ಮಾಡುವ ಡೆವಲಪರ್ ಒಬ್ಬರಿಗೆ ಫೋನ್ ಮಾಡುತ್ತಾರೆ ಎಂದಿಟ್ಟುಕೊಳ್ಳೋಣ. ಐದಾರು ಪುಟ ಸಾಕು, ಕನ್ನಡ ಮತ್ತು ಇಂಗ್ಲಿಷ್ ಎರಡೂ ಇರಲಿ, ಕೋಣೆಗಳ ಫೋಟೊ ಚೆನ್ನಾಗಿ ಕಾಣಲಿ, ಬುಕಿಂಗ್ ವ್ಯವಸ್ಥೆ ಇರಲಿ ಎಂದು ಹೇಳುತ್ತಾರೆ. ಡೆವಲಪರ್ ಇದನ್ನು 75 ಗಂಟೆಗಳ ಕೆಲಸವೆಂದು ಅಂದಾಜು ಮಾಡಿ, ಗಂಟೆಗೆ 800 ರೂಪಾಯಿಯ ಲೆಕ್ಕದಲ್ಲಿ 60,000 ರೂಪಾಯಿ ಕೇಳುತ್ತಾರೆ. ಅತ್ತ ಕಡೆಯಿಂದ ಒಪ್ಪಿಗೆಯೂ ಬರುತ್ತದೆ. ಮೂರು ವಾರದ ನಂತರ, ಖಾಲಿ ಇರುವ ದಿನಾಂಕಗಳನ್ನು ಅತಿಥಿಯೇ ನೋಡಿಕೊಂಡು ಅಡ್ವಾನ್ಸ್ ಕಟ್ಟುವ ಹಾಗೆ ಆಗಬೇಕಲ್ಲವೇ ಎಂಬ ಪ್ರಶ್ನೆ ಬರುತ್ತದೆ. ಡೆವಲಪರ್ ಅಂದುಕೊಂಡಿದ್ದದ್ದು ವಿಚಾರಣೆ ಕಳುಹಿಸುವ ಒಂದು ಫಾರ್ಮ್ ಮಾತ್ರ. ಈ ಒಂದು ಬೇಡಿಕೆಗೆ 20 ಗಂಟೆ ಹಿಡಿದು, ಅದನ್ನು ಅದೇ ಬೆಲೆಯೊಳಗೆ ಮಾಡಿಕೊಟ್ಟರೆ ಅವರ ಗಂಟೆಯ ಗಳಿಕೆ 800ರಿಂದ ಸುಮಾರು 630 ರೂಪಾಯಿಗೆ ಇಳಿಯುತ್ತದೆ.

ಇಲ್ಲಿ ಯಾರೂ ಯಾರಿಗೂ ಮೋಸ ಮಾಡಿಲ್ಲ. ಇಬ್ಬರೂ ಒಂದೇ ಮಾತಿಗೆ ಒಪ್ಪಿದ್ದಾರೆ, ಆದರೆ ಆ ಮಾತಿನಿಂದ ಇಬ್ಬರೂ ಬೇರೆ ಬೇರೆ ಕೆಲಸಗಳನ್ನು ಅರ್ಥ ಮಾಡಿಕೊಂಡಿದ್ದಾರೆ. ಸ್ಕೋಪ್ ಡಾಕ್ಯುಮೆಂಟ್, ಅಂದರೆ ಕೆಲಸದ ವ್ಯಾಪ್ತಿಪತ್ರ, ಈ ಅಂತರವನ್ನು ಬೆಲೆ ನಿಗದಿಯಾಗುವ ಮೊದಲೇ ಬಯಲಿಗೆ ತರಬೇಕು. ಇದೇ ಹೋಂಸ್ಟೇ ವೆಬ್‌ಸೈಟನ್ನು ಉದಾಹರಣೆಯಾಗಿ ಇಟ್ಟುಕೊಂಡು ಅದನ್ನು ಹೇಗೆ ಬರೆಯಬೇಕೆಂದು ಹಂತ ಹಂತವಾಗಿ ನೋಡೋಣ.

ಮೊದಲ ಹಂತ: ಬೆಲೆ ಹೇಳುವ ಮೊದಲು ಮಾತನ್ನು ಬಿಡಿಸಿಕೊಳ್ಳುವುದು

ಗ್ರಾಹಕರು ಹೇಳಿದ ಪ್ರತಿಯೊಂದು ಬೇಡಿಕೆಯನ್ನೂ ಬರೆದುಕೊಂಡು, ಅವುಗಳಲ್ಲಿ ಯಾವುದರ ಹಿಂದೆ ಒಂದು ಇಡೀ ವ್ಯವಸ್ಥೆ ಅಡಗಿರಬಹುದು ಎಂದು ಹುಡುಕಬೇಕು. ಪುಟ, ಫೋಟೊ, ವಿಳಾಸ, ನಕ್ಷೆ ಮುಂತಾದವುಗಳಲ್ಲಿ ಅಂತಹ ಅಪಾಯ ಕಡಿಮೆ. ಬುಕಿಂಗ್, ಲಾಗಿನ್, ಪೇಮೆಂಟ್, ರಿಪೋರ್ಟ್, ಆಫರ್ ಎಂಬಂತಹ ಮಾತುಗಳಲ್ಲಿ ಅಪಾಯ ಹೆಚ್ಚು, ಏಕೆಂದರೆ ಅವು ಒಂದು ವಸ್ತುವಿನ ಹೆಸರಲ್ಲ, ಹಲವು ಜನರು ಹಲವು ಹೊತ್ತಿನಲ್ಲಿ ಮಾಡುವ ಕೆಲಸಗಳ ಹೆಸರು.

ಬುಕಿಂಗ್ ಎಂಬುದಕ್ಕೆ ಕನಿಷ್ಠ ಮೂರು ಅರ್ಥಗಳಿವೆ. ಬಟನ್ ಒತ್ತಿದರೆ ಮಾಲೀಕರ ವಾಟ್ಸ್ಆ್ಯಪ್ ತೆರೆದುಕೊಂಡು ಮಾತುಕತೆ ಅಲ್ಲಿ ಮುಂದುವರಿಯುವುದು ಮೊದಲನೆಯದು. ಅದಕ್ಕೆ ಒಂದು ಗಂಟೆಯೂ ಬೇಡ. ಅತಿಥಿ ದಿನಾಂಕ, ಜನರ ಸಂಖ್ಯೆ ಮತ್ತು ಫೋನ್ ನಂಬರ್ ತುಂಬಿ ಕಳುಹಿಸಿದ ಫಾರ್ಮ್ ಮಾಲೀಕರ ಇಮೇಲ್‌ಗೆ ಹೋಗುವುದು ಎರಡನೆಯದು. ಪರೀಕ್ಷೆಯೂ ಸೇರಿ ಅದು ಅರ್ಧ ದಿನದ ಕೆಲಸ. ಖಾಲಿ ದಿನಾಂಕಗಳ ಕ್ಯಾಲೆಂಡರ್ ತೋರಿಸಿ, ಹಣ ಪಡೆದು, ಕೋಣೆಯನ್ನು ಆ ದಿನಕ್ಕೆ ಮುಚ್ಚಿಡುವುದು ಮೂರನೆಯದು, ಮತ್ತು ಕೆಲಸ ಬೆಳೆಯುವುದು ಇಲ್ಲಿಯೇ. ಅದೇ ಕೋಣೆಗಳು ಏರ್‌ಬಿಎನ್‌ಬಿಯಲ್ಲಿಯೂ ಇದ್ದರೆ ಎರಡೂ ಕ್ಯಾಲೆಂಡರ್‌ಗಳನ್ನು ಜೋಡಿಸಬೇಕಾಗುತ್ತದೆ. ಸಾಮಾನ್ಯವಾಗಿ ಬಳಸುವ ಐಕ್ಯಾಲ್ ಜೋಡಣೆ ಆ ಕ್ಷಣಕ್ಕೆ ನವೀಕರಣವಾಗುವುದಿಲ್ಲ, ಆಗಾಗ ಮಾತ್ರ ಆಗುತ್ತದೆ. ಆದ್ದರಿಂದ ಆ ನಡುವಿನ ಸಮಯದಲ್ಲಿ ಒಂದೇ ಕೋಣೆ ಇಬ್ಬರಿಗೆ ಬುಕ್ ಆಗುವ ಸಾಧ್ಯತೆ ಉಳಿಯುತ್ತದೆ. ಹಣ ಪಡೆಯಲು ಪೇಮೆಂಟ್ ಗೇಟ್‌ವೇ ಬೇಕು. ಅದಕ್ಕೆ ಮಾಲೀಕರ ಹೆಸರಿನಲ್ಲಿ ಕೆವೈಸಿ ಆಗಬೇಕು, ಜೊತೆಗೆ ನಿಯಮಗಳು, ಗೌಪ್ಯತೆ, ರದ್ದತಿ ಮತ್ತು ಹಣ ವಾಪಸಾತಿಯ ಪುಟಗಳು ಸೈಟಿನಲ್ಲಿ ಇರಬೇಕೆಂದು ಗೇಟ್‌ವೇ ಕಂಪನಿಗಳು ಕೇಳುತ್ತವೆ. ಐದಾರು ಪುಟಗಳ ಲೆಕ್ಕದಲ್ಲಿ ಇವು ಯಾವುವೂ ಇರಲಿಲ್ಲ.

ಗ್ರಾಹಕರಿಗೆ ಈ ತಾಂತ್ರಿಕ ವ್ಯತ್ಯಾಸಗಳನ್ನು ವಿವರಿಸುತ್ತ ಕೂರುವುದಕ್ಕಿಂತ ಅವರಿಂದಲೇ ನಡೆಯುವ ಘಟನೆಯನ್ನು ಹೇಳಿಸುವುದು ಒಳ್ಳೆಯ ವಿಧಾನ. "ಶುಕ್ರವಾರ ರಾತ್ರಿ ಹತ್ತು ಗಂಟೆಗೆ ಒಬ್ಬರು ನಿಮ್ಮ ಸೈಟ್ ನೋಡಿ ಶನಿವಾರಕ್ಕೆ ಕೋಣೆ ಬೇಕು ಅಂತ ಬಟನ್ ಒತ್ತಿದರು ಸರ್, ಆಮೇಲೆ ಏನಾಗಬೇಕು?" ಎಂದು ಕೇಳಿದರೆ, "ನನಗೆ ಮೆಸೇಜ್ ಬರಲಿ, ನಾನೇ ಫೋನ್ ಮಾಡಿ ಮಾತಾಡ್ತೀನಿ, ಫೋನಿನಲ್ಲಿ ಮಾತಾಡದೆ ಯಾರಿಗೂ ಕೋಣೆ ಕೊಡಲ್ಲ" ಎಂಬ ಉತ್ತರ ಬರಬಹುದು. ಹಾಗಿದ್ದರೆ ಅವರಿಗೆ ಬೇಕಾಗಿರುವುದು ಎರಡನೆಯ ಬಗೆ. ಹಣ ಬಂದ ಮೇಲೆಯೇ ಕೋಣೆ ಎಂಬ ಉತ್ತರ ಬಂದರೆ ಅದು ಮೂರನೆಯದು, ಮತ್ತು ಆಗ 60,000 ರೂಪಾಯಿಯ ಮಾತನ್ನು ಆಡುವಂತಿಲ್ಲ.

ಎರಡನೆಯ ಹಂತ: ಕೊಡುವ ಕೆಲಸವನ್ನು ಎಣಿಸಲು ಬರುವಂತೆ ಬರೆಯುವುದು

ವ್ಯಾಪ್ತಿಪತ್ರದ ಮುಖ್ಯ ಭಾಗ ಕೊಡಲಿರುವ ಕೆಲಸಗಳ ವಿವರ. ಇಲ್ಲಿ ಪ್ರತಿಯೊಂದು ಸಾಲಿಗೂ ಎರಡು ಗುಣಗಳಿರಬೇಕು: ಅದರಲ್ಲಿ ಒಂದು ಸಂಖ್ಯೆ ಅಥವಾ ಮಿತಿ ಇರಬೇಕು, ಮತ್ತು ಅದು ಮುಗಿದಿದೆಯೋ ಇಲ್ಲವೋ ಎಂದು ಮೂರನೆಯವರೊಬ್ಬರು ನೋಡಿ ಹೇಳುವಂತಿರಬೇಕು. "ಆಕರ್ಷಕವಾದ, ವೇಗವಾಗಿ ತೆರೆದುಕೊಳ್ಳುವ, ಎರಡು ಭಾಷೆಯ ವೆಬ್‌ಸೈಟ್" ಎಂಬ ಸಾಲಿನಲ್ಲಿ ಇವೆರಡೂ ಇಲ್ಲ. ನಮ್ಮ ಉದಾಹರಣೆಗೆ ಹೀಗೆ ಬರೆಯಬಹುದು:

> ಮುಖಪುಟ, ಕೋಣೆಗಳು, ಊಟ–ತಿಂಡಿ, ಸುತ್ತಮುತ್ತಲ ಸ್ಥಳಗಳು, ಫೋಟೊಗಳು ಮತ್ತು ಸಂಪರ್ಕ ಎಂಬ 6 ಪುಟಗಳು, ಪ್ರತಿಯೊಂದೂ ಕನ್ನಡ ಮತ್ತು ಇಂಗ್ಲಿಷ್‌ನಲ್ಲಿ, ಒಟ್ಟು 12 ಪುಟಗಳು. ಐದೂ ಕೋಣೆಗಳ ವಿವರ ಒಂದೇ ಪುಟದಲ್ಲಿರುತ್ತದೆ. ಒಂದೊಂದು ಕೋಣೆಗೆ ಗರಿಷ್ಠ 6 ಫೋಟೊಗಳು.
>
> ವಿಚಾರಣೆಯ ಫಾರ್ಮ್ 1. ಅತಿಥಿಯ ಹೆಸರು, ಫೋನ್, ಬರುವ ಮತ್ತು ಹೋಗುವ ದಿನಾಂಕ, ಜನರ ಸಂಖ್ಯೆ. ತುಂಬಿ ಕಳುಹಿಸಿದಾಗ ಗ್ರಾಹಕರು ನೀಡಿದ ಒಂದು ಇಮೇಲ್ ವಿಳಾಸಕ್ಕೆ ಮಾಹಿತಿ ತಲುಪುತ್ತದೆ. ಕೋಣೆ ಖಾಲಿ ಇದೆಯೇ ಎಂಬುದನ್ನು ಸೈಟ್ ಪರಿಶೀಲಿಸುವುದಿಲ್ಲ, ಹಣ ಪಡೆಯುವುದಿಲ್ಲ.

ಎರಡನೆಯ ಸಾಲಿನ ಕೊನೆಯ ವಾಕ್ಯವನ್ನು ಗಮನಿಸಿ. ಫಾರ್ಮ್ ಏನು ಮಾಡುತ್ತದೆ ಎಂಬುದರ ಪಕ್ಕದಲ್ಲಿಯೇ ಅದು ಏನು ಮಾಡುವುದಿಲ್ಲ ಎಂದೂ ಬರೆದಿರುವುದರಿಂದ, ಓದುವ ಮಾಲೀಕರು ಅಲ್ಲಿಯೇ ನಿಂತು ಪ್ರಶ್ನೆ ಕೇಳುತ್ತಾರೆ. ಪ್ರಶ್ನೆ ಬರಬೇಕಾದ ಸರಿಯಾದ ಸಮಯವೂ ಅದೇ.

ಪುಟಗಳನ್ನು 12 ಎಂದು ಎಣಿಸಿದ್ದು ಬೆಲೆಯನ್ನು ದೊಡ್ಡದಾಗಿ ತೋರಿಸುವುದಕ್ಕಲ್ಲ. ಎರಡನೆಯ ಭಾಷೆಗೆ ವಿನ್ಯಾಸವನ್ನು ಹೊಸದಾಗಿ ಮಾಡಬೇಕಾಗಿಲ್ಲದಿದ್ದರೂ ಪಠ್ಯವನ್ನು ಹಾಕಿ, ಒತ್ತಕ್ಷರಗಳು ಮೇಲಿನ ಅಥವಾ ಕೆಳಗಿನ ಸಾಲಿಗೆ ತಾಗದಂತೆ ಸಾಲುಗಳ ಅಂತರ ಸರಿಪಡಿಸಿ, ಮೊಬೈಲಿನಲ್ಲಿ ಉದ್ದದ ಪದಗಳು ಎಲ್ಲಿ ಒಡೆಯುತ್ತವೆ ಎಂದು ನೋಡುವ ಕೆಲಸ ಪ್ರತಿ ಪುಟಕ್ಕೂ ಇರುತ್ತದೆ.

ಎಸ್ಇಒ ಬೇಕೆಂದು ಗ್ರಾಹಕರು ಹೇಳಿದರೆ ಅದನ್ನೂ ಮಾಡುವ ಕೆಲಸದ ರೂಪದಲ್ಲಿಯೇ ಬರೆಯಬೇಕು. ಪ್ರತಿ ಪುಟಕ್ಕೂ ಶೀರ್ಷಿಕೆ ಮತ್ತು ಕಿರುವಿವರಣೆ ಬರೆಯುವುದು, ಸೈಟ್‌ಮ್ಯಾಪನ್ನು ಗೂಗಲ್ ಸರ್ಚ್ ಕನ್ಸೋಲ್‌ಗೆ ಸಲ್ಲಿಸುವುದು ನಿಮ್ಮ ಕೈಯಲ್ಲಿವೆ. ಹುಡುಕಾಟದಲ್ಲಿ ಎಷ್ಟನೆಯ ಸ್ಥಾನ ಸಿಗುತ್ತದೆ ಎಂಬುದು ನಿಮ್ಮ ಕೈಯಲ್ಲಿಲ್ಲ. ಆದ್ದರಿಂದ ಸ್ಥಾನದ ಭರವಸೆ ಇಲ್ಲವೆಂದು ಸ್ಪಷ್ಟವಾಗಿ ಬರೆಯಬೇಕು.

ಮೂರನೆಯ ಹಂತ: ಸೇರದ ಕೆಲಸಗಳು

ನನ್ನ ಅಭಿಪ್ರಾಯದಲ್ಲಿ ಇಡೀ ಪತ್ರದಲ್ಲಿ ಹೆಚ್ಚು ಹಣ ಉಳಿಸುವ ಭಾಗ ಇದು, ಆದರೆ ಗ್ರಾಹಕರಿಗೆ ಬೇಸರವಾದೀತೆಂದು ಹಲವರು ಇದನ್ನೇ ಬಿಟ್ಟುಬಿಡುತ್ತಾರೆ. ಲೋಕದಲ್ಲಿರುವ ಎಲ್ಲ ಕೆಲಸಗಳನ್ನೂ ಇಲ್ಲಿ ನಿರಾಕರಿಸಬೇಕಾಗಿಲ್ಲ. ಹಾಗೆ ಮಾಡಿದರೆ ಪತ್ರ ಜಗಳಕ್ಕೆ ಸಿದ್ಧತೆಯಂತೆ ಕಾಣುತ್ತದೆ. ವೆಬ್‌ಸೈಟ್ ಎಂದಾಗ ಒಬ್ಬ ಸಹಜ ಗ್ರಾಹಕ ಇದು ಇದ್ದೇ ಇರುತ್ತದೆ ಎಂದು ಭಾವಿಸಬಹುದಾದ, ಆದರೆ ನಿಮ್ಮ ಬೆಲೆಯಲ್ಲಿ ಇಲ್ಲದ ಕೆಲಸಗಳನ್ನು ಮಾತ್ರ ಹೆಸರಿಸಬೇಕು.

ಹೋಂಸ್ಟೇ ಸೈಟಿನಲ್ಲಿ ಅವು ಬಹುಮಟ್ಟಿಗೆ ಇವು: ಆನ್‌ಲೈನ್ ಪಾವತಿ ಮತ್ತು ಕ್ಯಾಲೆಂಡರ್, ಸ್ಥಳಕ್ಕೆ ಬಂದು ಫೋಟೊ ತೆಗೆಯುವುದು, ಪಠ್ಯ ಬರೆಯುವುದು ಮತ್ತು ಅನುವಾದ, ಲೋಗೊ, ಡೊಮೇನ್ ಮತ್ತು ಹೋಸ್ಟಿಂಗ್‌ನ ವಾರ್ಷಿಕ ಶುಲ್ಕ, ಗೂಗಲ್ ಬಿಸಿನೆಸ್ ಪ್ರೊಫೈಲ್ ಮತ್ತು ಇನ್‌ಸ್ಟಾಗ್ರಾಂ ನಿರ್ವಹಣೆ, ಸೈಟ್ ಶುರುವಾದ ನಂತರ ದರ ಮತ್ತು ಫೋಟೊಗಳನ್ನು ಬದಲಿಸಿಕೊಡುವುದು. ಇವುಗಳಲ್ಲಿ ನೀವು ಮಾಡಬಲ್ಲ ಕೆಲಸಗಳ ಮುಂದೆ ಬೆಲೆಯನ್ನೂ ಬರೆದುಬಿಡುವುದು ಉತ್ತಮ. "ಅನುವಾದ ಸೇರಿಲ್ಲ" ಎಂಬುದು ಬಾಗಿಲು ಮುಚ್ಚಿದಂತೆ ಕೇಳಿಸುತ್ತದೆ. "ಅನುವಾದ ಈ ಬೆಲೆಯಲ್ಲಿ ಸೇರಿಲ್ಲ, ಬೇಕಾದಲ್ಲಿ 6 ಪುಟಗಳಿಗೆ 7,000 ರೂಪಾಯಿ" ಎಂದು ಬರೆದರೆ ಅದು ಗ್ರಾಹಕರೇ ತೀರ್ಮಾನಿಸಬಹುದಾದ ವಿಷಯವಾಗುತ್ತದೆ.

ನಾಲ್ಕನೆಯ ಹಂತ: ಗ್ರಾಹಕರು ಕೊಡಬೇಕಾದದ್ದು, ಯಾವ ರೂಪದಲ್ಲಿ, ಯಾವಾಗ

ಹೊಸ ಬೇಡಿಕೆಯೇ ಬರದಿದ್ದರೂ ಕೆಲಸ ಬೆಳೆಯಬಹುದು, ಏಕೆಂದರೆ ಗ್ರಾಹಕರಿಂದ ಬರುವ ಸಾಮಗ್ರಿಯನ್ನು ಬಳಸುವ ಸ್ಥಿತಿಗೆ ತರುವುದೂ ಕೆಲಸವೇ. ಕನ್ನಡದ ಪಠ್ಯದಲ್ಲಿ ಇದು ವಿಶೇಷವಾಗಿ ಎದುರಾಗುತ್ತದೆ. ಮಾಲೀಕರು ಊರಿನ ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದ ಕಡತವನ್ನು ಕಳುಹಿಸುತ್ತಾರೆ. ಅದು ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿದ್ದರೆ, ವೆಬ್‌ಪುಟಕ್ಕೆ ಹಾಕಿದ ಕೂಡಲೇ "ಕನ್ನಡ" ಎಂಬ ಪದ `PÀ£ÀßqÀ` ಎಂದು ಕಾಣಿಸುತ್ತದೆ. ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿವೆ, ಆದರೆ ಅದೇ ಕಡತದ ನಡುವೆ ಇಂಗ್ಲಿಷ್ ಪದಗಳೋ ಇಮೇಲ್ ವಿಳಾಸವೋ ಇದ್ದರೆ ಅವೂ ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿ ಬದಲಾಗಬಹುದು. ಆರು ಪುಟಗಳನ್ನು ಸಾಲು ಸಾಲಾಗಿ ಓದಿ ತಿದ್ದಲು ಒಂದು ಇಡೀ ದಿನ ಹೋಗಬಹುದು. ಅದು ಯಾರ ದಿನ ಎಂಬುದನ್ನು ವ್ಯಾಪ್ತಿಪತ್ರ ಹೇಳಬೇಕು.

ಫೋಟೊಗಳದ್ದೂ ಇದೇ ಕಥೆ. ವಾಟ್ಸ್ಆ್ಯಪ್‌ನಲ್ಲಿ ಸಾಮಾನ್ಯ ರೀತಿಯಲ್ಲಿ ಕಳುಹಿಸಿದ ಚಿತ್ರ ಸಂಕುಚಿತಗೊಂಡು ಬರುತ್ತದೆ, ದೊಡ್ಡ ಪರದೆಯ ಮೇಲೆ ಮಸುಕಾಗಿ ಕಾಣುತ್ತದೆ. ಆಗ ದೂರು ವಿನ್ಯಾಸದ ಮೇಲೆ ಬರುತ್ತದೆ. ಹೀಗೆ ಬರೆದುಕೊಳ್ಳಬಹುದು:

> ಗ್ರಾಹಕರು ಮುಂಗಡ ನೀಡಿದ 10 ದಿನಗಳೊಳಗೆ ಎರಡೂ ಭಾಷೆಗಳ ಪಠ್ಯವನ್ನು ಯೂನಿಕೋಡ್‌ನಲ್ಲಿ, ಕಾಗುಣಿತ ತಿದ್ದಿ ಅಂತಿಮಗೊಳಿಸಿ, ಒಂದೇ ಗೂಗಲ್ ಡಾಕ್ ಕಡತದಲ್ಲಿ ಕೊಡುತ್ತಾರೆ. ಅಡ್ಡ ಫೋಟೊಗಳು ಕನಿಷ್ಠ 1920 ಪಿಕ್ಸೆಲ್ ಅಗಲವಿದ್ದು ಗೂಗಲ್ ಡ್ರೈವ್ ಮೂಲಕ ಬರಬೇಕು. ಸಾಮಗ್ರಿ ತಡವಾದಷ್ಟು ದಿನ ಕೆಲಸ ಮುಗಿಯುವ ದಿನಾಂಕವೂ ಮುಂದೆ ಹೋಗುತ್ತದೆ. 45 ದಿನಗಳಾದರೂ ಸಾಮಗ್ರಿ ಬರದಿದ್ದರೆ, ಅಲ್ಲಿಯವರೆಗೆ ಆದ ಕೆಲಸದ ಲೆಕ್ಕ ಮುಗಿಸಿ, ಉಳಿದ ಕೆಲಸಕ್ಕೆ ಹೊಸ ದಿನಾಂಕ ಮತ್ತು ಬೆಲೆ ಮಾತನಾಡಲಾಗುತ್ತದೆ.

ಡೊಮೇನ್ ಮತ್ತು ಹೋಸ್ಟಿಂಗ್ ಖಾತೆಗಳನ್ನು ಗ್ರಾಹಕರ ಹೆಸರು, ಅವರ ಇಮೇಲ್ ಮತ್ತು ಅವರ ಕಾರ್ಡಿನಲ್ಲಿಯೇ ತೆರೆಯುವುದೆಂದೂ ಇಲ್ಲಿ ಬರೆಯಿರಿ. ನಿಮ್ಮ ಹೆಸರಿನಲ್ಲಿದ್ದರೆ ಪ್ರತಿ ವರ್ಷದ ನವೀಕರಣದ ಹೊಣೆ, ಕೆಲಸ ಮುಗಿದು ಎಷ್ಟು ಕಾಲವಾದರೂ, ನಿಮ್ಮ ಮೇಲೆಯೇ ಉಳಿಯುತ್ತದೆ.

ಐದನೆಯ ಹಂತ: ತಿದ್ದುಪಡಿ, ದೋಷ ಮತ್ತು ಹೊಸ ಕೆಲಸ

"ಎರಡು ಸುತ್ತು ತಿದ್ದುಪಡಿ ಉಚಿತ" ಎಂದು ಬರೆಯುವುದು ರೂಢಿಯಲ್ಲಿದೆ. ಆದರೆ ಸುತ್ತು ಎಂದರೇನು ಎಂದು ಹೇಳದಿದ್ದರೆ ಆ ಮಿತಿ ಕಾಗದದ ಮೇಲೆ ಮಾತ್ರ ಉಳಿಯುತ್ತದೆ. ಬೆಳಿಗ್ಗೆ ಒಂದು ವಾಯ್ಸ್ ಮೆಸೇಜ್, ಮಧ್ಯಾಹ್ನ ಮಾಲೀಕರ ಮಗಳಿಂದ ಬಣ್ಣದ ಬಗ್ಗೆ ಸಲಹೆ, ರಾತ್ರಿ ಅವರ ಸ್ನೇಹಿತರೊಬ್ಬರ ಅಭಿಪ್ರಾಯ ಬಂದರೆ ಇದು ಒಂದು ಸುತ್ತೋ ಮೂರೋ? ಒಂದು ಸುತ್ತು ಎಂದರೆ, ಗ್ರಾಹಕರ ಕಡೆಯಿಂದ ಹೆಸರಿಸಲಾದ ಒಬ್ಬರೇ ವ್ಯಕ್ತಿ, ಕರಡು ಕೈಗೆ ಸಿಕ್ಕಿದ 5 ದಿನಗಳೊಳಗೆ, ಎಲ್ಲ ತಿದ್ದುಪಡಿಗಳನ್ನೂ ಒಟ್ಟುಗೂಡಿಸಿ ಲಿಖಿತವಾಗಿ ಕಳುಹಿಸುವ ಒಂದು ಪಟ್ಟಿ ಎಂದು ಬರೆಯಬೇಕು. ಮನೆಯವರೆಲ್ಲರ ಅಭಿಪ್ರಾಯವನ್ನೂ ಅವರು ಕೇಳಲಿ. ಅವುಗಳ ನಡುವಿನ ಭಿನ್ನತೆಯನ್ನು ಬಗೆಹರಿಸಿ ಒಂದು ಮಾತು ಹೇಳುವುದು ಅವರ ಹೊಣೆ.

ಪರಿಷ್ಕರಣೆಗೆ ಬರುವ ಬೇಡಿಕೆಗಳನ್ನು ಮೂರಾಗಿ ವಿಂಗಡಿಸಿ ಪತ್ರದಲ್ಲಿಯೇ ಉದಾಹರಣೆ ಕೊಡುವುದು ಬಹಳ ಉಪಯುಕ್ತ. ಫಾರ್ಮ್ ತುಂಬಿದರೂ ಇಮೇಲ್ ಬರುತ್ತಿಲ್ಲವೆಂದರೆ ಅದು ದೋಷ. ಪತ್ರದಲ್ಲಿ ಹೇಳಿದ್ದು ನಡೆಯುತ್ತಿಲ್ಲವಾದ್ದರಿಂದ ಅದನ್ನು ಸುತ್ತಿನ ಲೆಕ್ಕವಿಲ್ಲದೆ ಉಚಿತವಾಗಿ ಸರಿಪಡಿಸಬೇಕು, ಸೈಟ್ ಹಸ್ತಾಂತರವಾದ ನಂತರ 30 ದಿನಗಳವರೆಗೂ. ಮುಖಪುಟದ ಹಸಿರು ಸ್ವಲ್ಪ ತಿಳಿಯಾಗಲಿ ಎಂಬುದು ತಿದ್ದುಪಡಿ. ಅದು ಸುತ್ತಿನೊಳಗೆ ಬರುತ್ತದೆ. ಕಾಫಿ ಪುಡಿಯನ್ನೂ ಸೈಟಿನಲ್ಲಿ ಮಾರೋಣ ಎಂಬುದು ಹೊಸ ಕೆಲಸ. ಕಷ್ಟ ಬರುವುದು ಗಡಿಯಲ್ಲಿರುವ ಬೇಡಿಕೆಗಳಲ್ಲಿ: ಒಪ್ಪಿಗೆಯಾದ ಮುಖಪುಟದ ವಿನ್ಯಾಸವನ್ನು ಪುಟಗಳೆಲ್ಲ ಕಟ್ಟಿದ ಮೇಲೆ ಬದಲಿಸಬೇಕೆಂದರೆ? ಇದಕ್ಕೆ ಒಂದೇ ನಿಯಮ ಸಾಕು. ಒಮ್ಮೆ ಲಿಖಿತವಾಗಿ ಒಪ್ಪಿದ ಹಂತಕ್ಕೆ ಹಿಂತಿರುಗಬೇಕಾದ ಯಾವುದೇ ಬದಲಾವಣೆ ಹೊಸ ಕೆಲಸ ಎಂದು ಬರೆದುಬಿಡಿ.

ಆರನೆಯ ಹಂತ: ಕೆಲಸ ಮುಗಿಯಿತು ಎನ್ನುವುದು ಯಾವಾಗ, ಹಣ ಯಾವಾಗ

ಕೊನೆಯ ಕಂತನ್ನು "ಸೈಟ್ ಲೈವ್ ಆದ ಮೇಲೆ" ಎಂದು ಬರೆಯುವುದು ಸಾಮಾನ್ಯವಾಗಿ ಕಾಣುವ ತಪ್ಪು. ಲೈವ್ ಆಗಲು ಡೊಮೇನ್‌ನ ಪಾಸ್‌ವರ್ಡ್ ಬೇಕು, ಅದು ಗ್ರಾಹಕರ ಬಳಿ ಇದೆ. ಅವರು ದಸರಾ ರಜೆಯ ದಟ್ಟಣೆಯಲ್ಲಿದ್ದರೆ ನಿಮ್ಮ ಹಣ ಅಲ್ಲಿಯವರೆಗೆ ನಿಲ್ಲುತ್ತದೆ, ಆ ನಡುವೆ ಸಣ್ಣ ಸಣ್ಣ ಬೇಡಿಕೆಗಳು ಬರುತ್ತಲೇ ಇರುತ್ತವೆ. ಪ್ರತಿಯೊಂದು ಕಂತೂ ನಿಮ್ಮ ಕೈಯಲ್ಲಿರುವ ಘಟನೆಗೆ ಅಂಟಿಕೊಂಡಿರಬೇಕು. 60,000 ರೂಪಾಯಿಯಲ್ಲಿ 24,000 ಮುಂಗಡ, ಅದು ಬಂದ ಮೇಲೆಯೇ ಕೆಲಸ ಆರಂಭ. ವಿನ್ಯಾಸಕ್ಕೆ ಒಪ್ಪಿಗೆ ಸಿಕ್ಕಾಗ 18,000. ಪೂರ್ಣ ಸೈಟನ್ನು ಪರೀಕ್ಷಾ ವಿಳಾಸದಲ್ಲಿ ತೋರಿಸಿ ಒಪ್ಪಿಗೆಯಾದಾಗ, ಗ್ರಾಹಕರ ಡೊಮೇನ್‌ಗೆ ವರ್ಗಾಯಿಸುವ ಮೊದಲು, ಉಳಿದ 18,000.

ಒಪ್ಪಿಗೆಯ ಮಾತೇ ಬಾರದಿದ್ದರೆ ಏನು ಮಾಡಬೇಕು ಎಂಬುದಕ್ಕೂ ಒಂದು ಸಾಲು ಬೇಕು: ಕರಡು ಕಳುಹಿಸಿದ 7 ದಿನಗಳೊಳಗೆ ಲಿಖಿತ ಆಕ್ಷೇಪ ಬರದಿದ್ದರೆ ಆ ಹಂತ ಒಪ್ಪಿತವಾಯಿತೆಂದು ಎರಡೂ ಕಡೆಯವರು ಭಾವಿಸುತ್ತಾರೆ. ಈ ಸಾಲನ್ನು ಪತ್ರದೊಳಗೆ ಅಡಗಿಸಿಡಬಾರದು. ಸಹಿಗೆ ಮೊದಲು ಗ್ರಾಹಕರಿಗೆ ಓದಿ ಹೇಳಬೇಕು, ಮತ್ತು ಐದನೆಯ ದಿನ ಒಂದು ನೆನಪಿನ ಸಂದೇಶವನ್ನೂ ಕಳುಹಿಸಬೇಕು.

ಜಿಎಸ್‌ಟಿ ನೋಂದಣಿ ನಿಮಗಿದ್ದರೆ ಬೆಲೆಯ ಮುಂದೆಯೇ ಅದನ್ನು ಹೇಳಿ. ಶೇ. 18ರ ದರದಲ್ಲಿ 60,000 ರೂಪಾಯಿಯ ಮೇಲೆ 10,800 ರೂಪಾಯಿ ಬರುತ್ತದೆ. ತೆರಿಗೆ ಪ್ರತ್ಯೇಕ ಎಂದು ಬರೆದಿಲ್ಲವಾದರೆ, ಒಪ್ಪಿದ ಬೆಲೆಯಲ್ಲಿಯೇ ಅದು ಸೇರಿದೆ ಎಂದು ಗ್ರಾಹಕರು ವಾದಿಸುವುದು ಅಸಹಜವಲ್ಲ.

ಏಳನೆಯ ಹಂತ: ಬದಲಾವಣೆ ಬಂದಾಗ ಅನುಸರಿಸುವ ಕ್ರಮ

ವ್ಯಾಪ್ತಿಪತ್ರವಿದ್ದರೂ ಹೊಸ ಬೇಡಿಕೆಗಳು ಬರುತ್ತವೆ, ಬರಬೇಕಾದವೇ. ಸೈಟ್ ಕಣ್ಣಿಗೆ ಕಂಡ ಮೇಲೆಯೇ ಹಲವು ವಿಚಾರಗಳು ಹೊಳೆಯುವುದು. ಬೇಡಿಕೆಗೆ ಇಲ್ಲ ಎನ್ನಬೇಕಾಗಿಲ್ಲ. ಅದಕ್ಕೆ ಎಷ್ಟು ಹಣ, ಎಷ್ಟು ದಿನ ಎಂದು ಬರೆದು, ಒಪ್ಪಿಗೆ ಬಂದ ಮೇಲೆ ಕೈಹಾಕಿದರೆ ಸಾಕು. ಪತ್ರದಲ್ಲಿ ಈ ಕ್ರಮವನ್ನೂ ಗಂಟೆಯ ದರವನ್ನೂ ಮೊದಲೇ ನಮೂದಿಸಿದ್ದರೆ ಸಂದೇಶ ಬರೆಯುವುದು ಸುಲಭ. ಆರಂಭದಲ್ಲಿ ಹೇಳಿದ ಕ್ಯಾಲೆಂಡರ್ ಬೇಡಿಕೆಗೆ ಉತ್ತರ ಹೀಗಿರಬಹುದು:

> ನಮಸ್ಕಾರ ಸರ್. ನಿನ್ನೆ ಫೋನಿನಲ್ಲಿ ಹೇಳಿದ ಹಾಗೆ, ಖಾಲಿ ದಿನಾಂಕ ತೋರಿಸಿ ಆನ್‌ಲೈನ್‌ನಲ್ಲಿ ಅಡ್ವಾನ್ಸ್ ಪಡೆಯುವ ವ್ಯವಸ್ಥೆ ಮಾಡಿಕೊಡಬಹುದು. ನಮ್ಮ ಪತ್ರದ ಪ್ರಕಾರ ಈಗಿರುವುದು ವಿಚಾರಣೆಯ ಫಾರ್ಮ್ ಮಾತ್ರ, ಆದ್ದರಿಂದ ಇದು ಹೊಸ ಕೆಲಸವಾಗುತ್ತದೆ. 20 ಗಂಟೆ, 16,000 ರೂಪಾಯಿ; ಮುಗಿಯುವ ದಿನಾಂಕ 8 ದಿನ ಮುಂದೆ ಹೋಗುತ್ತದೆ. ಗೇಟ್‌ವೇ ಕೆವೈಸಿ ತಾವೇ ಮಾಡಿಸಬೇಕು, ರದ್ದತಿ ಮತ್ತು ಹಣ ವಾಪಸಾತಿಯ ನಿಯಮಗಳನ್ನೂ ತಾವೇ ತೀರ್ಮಾನಿಸಿ ಕೊಡಬೇಕು. ಒಪ್ಪಿಗೆಯಾದರೆ ಇದೇ ಮೆಸೇಜಿಗೆ "ಒಪ್ಪಿದ್ದೇನೆ" ಎಂದು ಉತ್ತರಿಸಿ. ಸದ್ಯಕ್ಕೆ ಬೇಡವಾದರೆ ಮೊದಲಿನ ಕೆಲಸವನ್ನು ಹಾಗೆಯೇ ಮುಂದುವರಿಸುತ್ತೇನೆ.

ಹತ್ತು ನಿಮಿಷದ ಸಣ್ಣ ಕೆಲಸಗಳಿಗೆ ಹಣ ಕೇಳುವುದು ಸಂಬಂಧಕ್ಕೆ ಒಳ್ಳೆಯದಲ್ಲ, ಅವುಗಳನ್ನು ಮಾಡಿಕೊಡಿ. ಆದರೆ ಮಾಡಿಕೊಟ್ಟದ್ದನ್ನು ದಾಖಲಿಸಿ: "ಊಟದ ದರಪಟ್ಟಿಯನ್ನು ಹೆಚ್ಚುವರಿಯಾಗಿ ಸೇರಿಸಿದ್ದೇನೆ, ಇದಕ್ಕೆ ಶುಲ್ಕವಿಲ್ಲ." ಇಂತಹ ನಾಲ್ಕೈದು ದಾಖಲೆಗಳಿದ್ದಾಗ ಆರನೆಯ ಬೇಡಿಕೆಗೆ ಬೆಲೆ ಹೇಳುವುದು ಗ್ರಾಹಕರಿಗೂ ನ್ಯಾಯವಾಗಿಯೇ ಕಾಣುತ್ತದೆ. ದಾಖಲೆಯಿಲ್ಲದಿದ್ದರೆ, ಇಷ್ಟು ದಿನ ಎಲ್ಲವೂ ಸೇರಿತ್ತಲ್ಲ, ಈಗ ಮಾತ್ರ ಏಕೆ ಹಣ ಎಂಬ ಪ್ರಶ್ನೆಗೆ ಉತ್ತರವಿರುವುದಿಲ್ಲ.

ಫೋನಿನಲ್ಲಿ ಒಪ್ಪಿಕೊಂಡ ಬದಲಾವಣೆಯನ್ನು ಅದೇ ದಿನ ಬರೆದು ಕಳುಹಿಸುವುದನ್ನು ಮಾತ್ರ ಮುಂದೂಡಬೇಡಿ.

ಎಂಟನೆಯ ಹಂತ: ಹಕ್ಕು ಮತ್ತು ಸಹಿ

ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ನೌಕರರಲ್ಲದವರು ಬರೆದ ಕೋಡ್‌ನ ಹಕ್ಕಿನ ಮೊದಲ ಒಡೆಯರು ಸಾಮಾನ್ಯವಾಗಿ ಬರೆದವರೇ. ಹಕ್ಕಿನ ವರ್ಗಾವಣೆ ಲಿಖಿತವಾಗಿದ್ದು ಸಹಿಯಾಗಿರಬೇಕು. ಅವಧಿ ಹೇಳದಿದ್ದರೆ ಅದು 5 ವರ್ಷವೆಂದೂ, ಪ್ರದೇಶ ಹೇಳದಿದ್ದರೆ ಭಾರತಕ್ಕೆ ಸೀಮಿತವೆಂದೂ 19ನೆಯ ಸೆಕ್ಷನ್ ಹೇಳುತ್ತದೆ. ಆದ್ದರಿಂದ ಪೂರ್ಣ ಹಣ ಸಂದಾಯವಾದ ದಿನದಿಂದ, ಹಕ್ಕಿನ ಪೂರ್ಣ ಅವಧಿಗೆ ಮತ್ತು ಎಲ್ಲ ದೇಶಗಳಿಗೂ ಸೈಟಿನ ಹಕ್ಕು ಗ್ರಾಹಕರದ್ದಾಗುತ್ತದೆ ಎಂದು ಬರೆಯಿರಿ. ಇದು ಗ್ರಾಹಕರ ಹಿತಕ್ಕೂ ಬೇಕಾದ ಸಾಲು. ನೀವು ಬಳಸಿದ ಥೀಮ್, ಪ್ಲಗಿನ್ ಮತ್ತು ಫಾಂಟ್‌ಗಳು ಅವುಗಳದೇ ಲೈಸೆನ್ಸಿಗೆ ಒಳಪಟ್ಟಿರುತ್ತವೆ ಎಂದೂ ಸೇರಿಸಿ.

ಇಷ್ಟೆಲ್ಲ ಬರೆದರೂ ಪತ್ರ ಮೂರು ಪುಟ ಮೀರಬಾರದು. ಮೀರಿದರೆ ಗ್ರಾಹಕರು ಓದದೆ ಸಹಿ ಹಾಕುತ್ತಾರೆ, ಮತ್ತು ಓದದ ಪತ್ರದಿಂದ ಮೊದಲ ಹಂತದ ತಪ್ಪುತಿಳಿವಳಿಕೆ ಹಾಗೆಯೇ ಉಳಿಯುತ್ತದೆ. ಅವರಿಗೆ ಕನ್ನಡವೇ ಸಲೀಸಾಗಿದ್ದರೆ ಕನ್ನಡದಲ್ಲಿಯೇ ಬರೆಯಿರಿ. ಪಿಡಿಎಫ್ ಮಾಡಿ, ಹೆಸರಿನಲ್ಲಿ ದಿನಾಂಕ ಮತ್ತು ಆವೃತ್ತಿ ಸಂಖ್ಯೆ ಹಾಕಿ ಇಮೇಲ್‌ನಲ್ಲಿ ಕಳುಹಿಸಿ. ವಿದ್ಯುನ್ಮಾನ ರೂಪದಲ್ಲಿದೆ ಎಂಬ ಒಂದೇ ಕಾರಣಕ್ಕೆ ಒಪ್ಪಂದ ಅಸಿಂಧುವಾಗುವುದಿಲ್ಲವೆಂದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಸೆಕ್ಷನ್ ಹೇಳುವುದರಿಂದ, ವ್ಯಾಪ್ತಿ ಮತ್ತು ಬೆಲೆಯ ಮಟ್ಟಿಗೆ ಇಮೇಲ್‌ನಲ್ಲಿ ಬಂದ ಒಪ್ಪಿಗೆಯನ್ನೇ ನೆಚ್ಚಬಹುದು. ಹಕ್ಕಿನ ವರ್ಗಾವಣೆಗೆ ಮಾತ್ರ ಕೊನೆಯ ಕಂತು ಬಂದ ಮೇಲೆ ಒಂದು ಪುಟದ ಪ್ರತ್ಯೇಕ ಪತ್ರಕ್ಕೆ ಸಹಿ ಹಾಕಿ, ಪಾಸ್‌ವರ್ಡ್‌ಗಳ ಜೊತೆಗೆ ಅದನ್ನೂ ಗ್ರಾಹಕರಿಗೆ ಕೊಡಿ.